ಏಳು ಎಲ್ಲಿಂದ ಬಂತು?

ಪದವಿ ತರಗತಿಯ ಗಣಿತದ ನೋಟ್ಸಿನಲ್ಲಿ ಹೀಗೊಂದು ಸಾಲು ಇದ್ದೇ ಇರುತ್ತದೆ: “δ = min(1, ε/7) ಆಗಿರಲಿ.” ಅದರ ಕೆಳಗೆ ನಾಲ್ಕು ಸಾಲಿನ ಲೆಕ್ಕ, ಕೊನೆಗೆ ಸಾಧನೆ ಮುಗಿಯಿತು ಎಂಬ ಗುರುತು. ಎಲ್ಲವೂ ಸರಿಯಾಗಿಯೇ ಇರುತ್ತದೆ. ಆದರೆ ಆ 1 ಏಕೆ, 7 ಎಲ್ಲಿಂದ ಬಂತು ಎಂಬುದನ್ನು ನೋಟ್ಸು ಹೇಳುವುದಿಲ್ಲ. ವಿದ್ಯಾರ್ಥಿ ಅದನ್ನು ಬಾಯಿಪಾಠ ಮಾಡುತ್ತಾನೆ. ಪರೀಕ್ಷೆಯಲ್ಲಿ 3ರ ಬದಲು 5 ಕೊಟ್ಟರೆ ದಾರಿ ತಪ್ಪುತ್ತದೆ.

ಸಾಧಿಸಬೇಕಾದ ಮಾತು ಚಿಕ್ಕದು. x ಎಂಬ ಸಂಖ್ಯೆ 3ರ ಹತ್ತಿರ ಬಂದಂತೆ x² ಎಂಬುದು 9ರ ಹತ್ತಿರ ಬರುತ್ತದೆ. ‘ಹತ್ತಿರ’ ಎಂದರೆ ಎಷ್ಟು ಹತ್ತಿರ? 19ನೇ ಶತಮಾನದಲ್ಲಿ ಫ್ರಾನ್ಸಿನ ಕೋಶಿ, ಆಮೇಲೆ ಬರ್ಲಿನ್ನಿನಲ್ಲಿ ಪಾಠ ಹೇಳುತ್ತಿದ್ದ ವೈಯರ್‌ಸ್ಟ್ರಾಸ್ ಈ ಸಡಿಲ ಮಾತನ್ನು ಬಿಗಿ ಮಾಡಿದರು. ಚೌಕದ ಹಲಗೆ ಕೊಯ್ಯುವ ಬಡಗಿಯನ್ನು ನೆನೆಸಿಕೊಳ್ಳಿ. ವಿಸ್ತೀರ್ಣ 9 ಚದರ ಅಡಿ ಬೇಕು, ಹೆಚ್ಚುಕಡಿಮೆ ಆದರೂ ಇಷ್ಟರೊಳಗೇ ಇರಬೇಕು ಎಂದು ಗಿರಾಕಿ ಹೇಳುತ್ತಾನೆ. ಆ ‘ಇಷ್ಟು’ ಎಪ್ಸಿಲಾನ್, ಅಂದರೆ ε. ಹಾಗಾದರೆ 3 ಅಡಿಯ ಬದಿಯಲ್ಲಿ ತಾನು ಎಷ್ಟು ತಪ್ಪಬಹುದು ಎಂದು ಬಡಗಿ ಕೊಯ್ಯುವ ಮೊದಲೇ ನಿಶ್ಚಯಿಸಬೇಕು. ಅದು ಡೆಲ್ಟಾ, δ. ಗಿರಾಕಿ ಎಷ್ಟೇ ಸಣ್ಣ ε ಕೇಳಿದರೂ ಅದಕ್ಕೆ ತಕ್ಕ δ ಕೊಡಬಲ್ಲೆವು ಎಂದು ತೋರಿಸಿದರೆ ಸಾಧನೆ ಆಯಿತು.

ಈಗ ಲೆಕ್ಕಕ್ಕೆ ಬರೋಣ. x² ಮತ್ತು 9ರ ವ್ಯತ್ಯಾಸವನ್ನು ಅಪವರ್ತಿಸಿದರೆ

|x² − 9| = |x − 3| · |x + 3|

ಮೊದಲ ಅಪವರ್ತನ ನಮ್ಮ ಹಿಡಿತದಲ್ಲಿದೆ, ಅದನ್ನು δಗಿಂತ ಕಡಿಮೆ ಇಡುವವರು ನಾವೇ. ತೊಂದರೆ ಎರಡನೆಯದರದು. ಇಡೀ ಗುಣಲಬ್ಧ εಗಿಂತ ಕಡಿಮೆ ಇರಬೇಕಾದರೆ |x − 3| < ε/|x + 3| ಇದ್ದರೆ ಸಾಕಲ್ಲ, ಅದನ್ನೇ δ ಎನ್ನೋಣ ಎಂದು ಬಹಳ ಜನ ಬರೆಯುತ್ತಾರೆ. ಈ ಪಾಠದಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದೇ. ಕೊಯ್ಯುವ ಮೊದಲೇ δ ನಿಶ್ಚಯವಾಗಬೇಕು, x ಆಮೇಲೆ ಬರುತ್ತದೆ. δ ಒಳಗೆ x ಉಳಿದುಕೊಂಡಿದ್ದರೆ ಆ ಉತ್ತರ ಉತ್ತರವೇ ಅಲ್ಲ. ಬರೆದದ್ದು ಸರಿಯೇ ಎಂದು ನೋಡುವ ಸುಲಭದ ಪರೀಕ್ಷೆಯೂ ಇದೇ: ಕೊನೆಯ δಯಲ್ಲಿ ε ಇರಬಹುದು, 3 ಇರಬಹುದು, x ಇರಕೂಡದು.

ಹಾಗಾದರೆ |x + 3| ಅನ್ನು ಒಂದು ಸ್ಥಿರ ಸಂಖ್ಯೆಯ ಕೆಳಗೆ ಕಟ್ಟಿಹಾಕಬೇಕು. x ಎಲ್ಲಿ ಬೇಕಾದರೂ ಹೋಗಬಹುದಾದರೆ ಅದು ಸಾಧ್ಯವಿಲ್ಲ. ಆದರೆ ನಮಗೆ ಬೇಕಿರುವುದು 3ರ ಆಸುಪಾಸು ಮಾತ್ರ. ಆದ್ದರಿಂದ x ಎಂಬುದು 3ರಿಂದ 1ಕ್ಕಿಂತ ದೂರ ಹೋಗಕೂಡದು ಎಂದು ನಾವೇ ಒಂದು ಕಟ್ಟುಪಾಡು ಹಾಕಿಕೊಳ್ಳುತ್ತೇವೆ. ಆಗ x ಎಂಬುದು 2 ಮತ್ತು 4ರ ನಡುವೆ ಉಳಿಯುತ್ತದೆ, x + 3 ಎಂಬುದು 5 ಮತ್ತು 7ರ ನಡುವೆ. 7 ಬಂದದ್ದು ಇಲ್ಲಿಂದ. ಇನ್ನು

|x² − 9| < 7 · |x − 3|

|x − 3| ಎಂಬುದು ε/7ಕ್ಕಿಂತ ಕಡಿಮೆ ಇದ್ದರೆ ಬಲಗಡೆ εಗಿಂತ ಕಡಿಮೆಯಾಗುತ್ತದೆ. ಎರಡು ಷರತ್ತೂ ಒಟ್ಟಿಗೆ ನಡೆಯಬೇಕು, ಆದ್ದರಿಂದ 1 ಮತ್ತು ε/7ರಲ್ಲಿ ಚಿಕ್ಕದನ್ನು δ ಎಂದು ಆರಿಸುತ್ತೇವೆ.

ε = 0.07 ಎಂದಿರಲಿ. δ = 0.01. x = 3.009 ತೆಗೆದುಕೊಂಡರೆ x² = 9.054081, ವ್ಯತ್ಯಾಸ 0.07ರ ಒಳಗೇ ಇದೆ. ನಿಜ ಹೇಳಬೇಕೆಂದರೆ ಇನ್ನೂ ಸ್ವಲ್ಪ ದೊಡ್ಡ δ, ಸುಮಾರು 0.0116 ಕೂಡ ನಡೆಯುತ್ತಿತ್ತು. ಅತಿ ದೊಡ್ಡ δಯನ್ನು ಯಾರೂ ಕೇಳಿಲ್ಲ, ಕೆಲಸ ನಡೆಸುವ ಒಂದು ಸಿಕ್ಕರೆ ಸಾಕು. ಈ ಉದಾರತೆ ಇರುವುದರಿಂದಲೇ ಉಪಾಯ ಸುಲಭವಾಗುತ್ತದೆ.

‘ಚಿಕ್ಕದನ್ನು ಆರಿಸಿ’ ಎಂಬ ಮಾತನ್ನು ಬಿಟ್ಟರೆ ಏನಾಗುತ್ತದೆ? ε = 14 ಎನ್ನಿ. ಬರೀ ε/7 ಹಿಡಿದರೆ δ = 2. x = 4.9 ಎಂಬುದು 3ರಿಂದ 2ರ ಒಳಗೇ ಇದೆ. ಆದರೆ ಅದರ ವರ್ಗ 24.01, ವ್ಯತ್ಯಾಸ 15.01. 14ನ್ನು ದಾಟಿತು! x ಎಂಬುದು 4ರ ಆಚೆ ಹೋದಾಗ x + 3 ಎಂಬುದು 7ನ್ನು ಮೀರಿತು, ನಮ್ಮ ಅಸಮತೆ ಅಲ್ಲೇ ಮುರಿಯಿತು. min ಒಳಗಿನ 1 ಆ ಕಾವಲಿಗೇ ಇರುವುದು.

1ರಲ್ಲಿ ಪವಿತ್ರವಾದುದೇನೂ ಇಲ್ಲ. 2 ಎಂದು ಹಿಡಿದರೆ x + 3 ಎಂಬುದು 8ರ ಒಳಗಿರುತ್ತದೆ, δ = min(2, ε/8) ಆಗುತ್ತದೆ, ಸಾಧನೆ ಅಷ್ಟೇ ಗಟ್ಟಿ. ಬಿಂದು ಬದಲಾದರೆ ಮಾತ್ರ ಸಂಖ್ಯೆ ಬದಲಾಗಲೇಬೇಕು: 3ರ ಬದಲು 100ರಲ್ಲಿ x + 100 ಎಂಬುದು 201ರ ತನಕ ಹೋಗುತ್ತದೆ, δ = min(1, ε/201). ವರ್ಗದ ವಕ್ರರೇಖೆ ಮುಂದೆ ಹೋದಂತೆ ಕಡಿದಾಗುವುದರಿಂದ, ಅದೇ εಗೆ δ ಕಿರಿದಾಗುತ್ತಲೇ ಹೋಗುತ್ತದೆ. ಎಲ್ಲ ಬಿಂದುಗಳಿಗೂ ಸಲ್ಲುವ ಒಂದೇ δ ಸಿಗುವುದಿಲ್ಲ.

ಈಗ ನೋಟ್ಸು ಮುಚ್ಚಿಟ್ಟು, x ಎಂಬುದು 5ರ ಹತ್ತಿರ ಹೋದಾಗ x² ಎಂಬುದು 25ರ ಹತ್ತಿರ ಹೋಗುತ್ತದೆ ಎಂದು ನೀವೇ ಸಾಧಿಸಿ ನೋಡಿ. ಕಟ್ಟುಪಾಡನ್ನು 1 ಎಂದೇ ಇಟ್ಟುಕೊಂಡರೆ ε ಕೆಳಗೆ 11 ಬರಬೇಕು.