ಒಂದೇ ಹಲ್ಲು, ಎರಡು ಎಕ್ಸ್‌ರೇಯಲ್ಲಿ ಎರಡು ಉದ್ದ: ಇದು ಮೋಸವೇ?

ಓದುಗರೊಬ್ಬರು ನಮಗೊಂದು ವಾಟ್ಸಾಪ್ ಫಾರ್ವರ್ಡ್ ಕಳಿಸಿದ್ದಾರೆ. ಅದರಲ್ಲಿ ಒಬ್ಬರದೇ ಮೇಲ್ದವಡೆಯ ಮುಂದಿನ ಹಲ್ಲಿನ ಎರಡು ಎಕ್ಸ್‌ರೇಗಳಿವೆ. ಒಂದರಲ್ಲಿ ಹಲ್ಲು ಉದ್ದ, ಇನ್ನೊಂದರಲ್ಲಿ ಗಿಡ್ಡ. ಎರಡನೆಯದರ ಮೂಲೆಯಲ್ಲಿ ಅರ್ಧಚಂದ್ರದಂಥ ಬಿಳಿ ಭಾಗವೂ ಇದೆ. "ಬೇರು ಕರಗಿದೆ, ಬಿಳಿ ಜಾಗದಲ್ಲಿ ಕೀವು ತುಂಬಿದೆ ಎಂದು ಹೆದರಿಸಿ ದುಡ್ಡು ಕೀಳುತ್ತಾರೆ" ಎಂಬುದು ಅದರ ಸಾರ. ಹಲ್ಲಿನ ಉದ್ದ ಹೀಗೆ ಬದಲಾಗುವುದೇಕೆ ಎಂದು ನೋಡೋಣ.

ಎಕ್ಸ್‌ರೇ ಎಂದರೆ ನೆರಳು. ಅಂಗಳದಲ್ಲಿ ನೆಟ್ಟ ಕೋಲಿನ ನೆರಳು ಸಂಜೆ ಉದ್ದವಾಗುತ್ತದೆ, ನಡು ಮಧ್ಯಾಹ್ನ ಮೊಟಕಾಗುತ್ತದೆ. ಕೋಲು ಬದಲಾಗಿಲ್ಲ, ಬೆಳಕಿನ ಕೋನ ಬದಲಾಗಿದೆ. ಬಾಯಲ್ಲೂ ಹೀಗೇ. ಮುಂದಿನ ಹಲ್ಲಿನ ಹಿಂದೆ ಫಿಲ್ಮ್ ಇಟ್ಟು ಬೆರಳಿನಿಂದ ಒತ್ತಿ ಹಿಡಿದರೆ, ಅಂಗುಳು ಬಾಗಿರುವುದರಿಂದ ಫಿಲ್ಮ್ ಓರೆಯಾಗಿ ನಿಲ್ಲುತ್ತದೆ. ಆಗ ಹಲ್ಲಿಗೂ ಫಿಲ್ಮಿಗೂ ನಡುವಿನ ಕೋನವನ್ನು ಮನಸ್ಸಿನಲ್ಲೇ ಎರಡು ಭಾಗ ಮಾಡಿ, ಆ ನಡುಗೆರೆಗೆ ನೇರವಾಗಿ ಕಿರಣ ಬಿಡಬೇಕು. ಎಲ್ಲವೂ ಕಣ್ಣಂದಾಜು. ಕಿರಣ ಸಾಕಷ್ಟು ಕೆಳಮುಖವಾಗಿರದೆ ಮಲಗಿದಂತೆ ಬಂದರೆ ಹಲ್ಲು ಉದ್ದವಾಗಿ ಮೂಡುತ್ತದೆ, ಇದಕ್ಕೆ ಎಲಾಂಗೇಶನ್ ಎನ್ನುತ್ತಾರೆ. ತೀರಾ ಮೇಲಿನಿಂದ ಬಂದರೆ ಮೊಟಕಾಗುತ್ತದೆ, ಅದು ಫೋರ್‌ಶಾರ್ಟನಿಂಗ್.

ಈ ಅಂದಾಜನ್ನು ತಪ್ಪಿಸಲು ಇರುವುದೇ ಪ್ಯಾರಲೆಲಿಂಗ್ ವಿಧಾನ. ಇದರಲ್ಲಿ ಫಿಲ್ಮ್ ಅಥವಾ ಸೆನ್ಸರ್ ಹಲ್ಲಿನ ಉದ್ದಕ್ಕೆ ಸಮಾನಾಂತರವಾಗಿ ನಿಲ್ಲಬೇಕು, ಕಿರಣ ಎರಡಕ್ಕೂ ಲಂಬವಾಗಿ ಬೀಳಬೇಕು. ಹಲ್ಲಿಗೆ ಅಂಟಿಸಿದರೆ ಫಿಲ್ಮ್ ನೆಟ್ಟಗೆ ನಿಲ್ಲುವುದಿಲ್ಲ. ಆದ್ದರಿಂದ ಅದನ್ನು ಹಿಂದಕ್ಕೆ, ಅಂಗುಳಿನ ಎತ್ತರದ ಜಾಗಕ್ಕೆ ಸರಿಸುತ್ತಾರೆ. ಬಾಯಿ ಬಿಗಿದು ವಾಕರಿಕೆ ಬರುವುದು ಇದರಿಂದಲೇ. ರೋಗಿ ಪ್ಲಾಸ್ಟಿಕ್ ಹೋಲ್ಡರನ್ನು ಕಚ್ಚಿ ಹಿಡಿದರೆ ಫಿಲ್ಮ್ ಅಲ್ಲಾಡದೆ ನಿಲ್ಲುತ್ತದೆ.

ಆದರೆ ಹೀಗೆ ದೂರ ಸರಿಸಿದರೆ ಗೋಡೆಯಿಂದ ದೂರ ಹಿಡಿದ ಕೈಯ ನೆರಳಿನಂತೆ ಚಿತ್ರ ಸ್ವಲ್ಪ ದೊಡ್ಡದಾಗಿ, ಮಸುಕಾಗುತ್ತದೆ. ಅದಕ್ಕೆ ಕಿರಣದ ಮೂಲವನ್ನೂ ದೂರ ಇಡುತ್ತಾರೆ. ಲೆಕ್ಕ ಹೀಗಿದೆ: ಹಲ್ಲು 23 ಮಿ.ಮೀ. ಇದ್ದು, ಫಿಲ್ಮ್ ಅದರಿಂದ 2 ಸೆಂ.ಮೀ. ದೂರವಿದೆ ಎಂದುಕೊಳ್ಳಿ. ಮೂಲದಿಂದ ಫಿಲ್ಮಿಗೆ 20 ಸೆಂ.ಮೀ. ಇದ್ದರೆ ಹಲ್ಲು ಸುಮಾರು 25.6 ಮಿ.ಮೀ. ಆಗಿ ಕಾಣುತ್ತದೆ, 40 ಸೆಂ.ಮೀ. ಇದ್ದರೆ ಸುಮಾರು 24.2. ಅಂದರೆ ಸರಿಯಾಗಿ ತೆಗೆದ ಎಕ್ಸ್‌ರೇಯಲ್ಲೂ ಹಲ್ಲು ಕೂದಲೆಳೆಯಷ್ಟು ದೊಡ್ಡದೇ.

ರೂಟ್ ಕೆನಾಲ್ ಮಾಡುವಾಗ ಈ ಮಿಲಿಮೀಟರುಗಳು ಲೆಕ್ಕಕ್ಕೆ ಬರುತ್ತವೆ. ಹಲ್ಲು ಉದ್ದವಾಗಿ ಕಂಡದ್ದನ್ನೇ ನಂಬಿ ಫೈಲ್ ಇಳಿಸಿದರೆ ಅದು ಬೇರಿನ ತುದಿ ದಾಟಿ ಹೊರಗೆ ಚುಚ್ಚುತ್ತದೆ. ಮೊಟಕಾಗಿ ಕಂಡದ್ದನ್ನು ನಂಬಿದರೆ ಸೋಂಕು ಒಳಗೇ ಉಳಿಯಬಹುದು. ಹಾಗಾಗಿ ಉದ್ದ ಗೊತ್ತಿರುವ ಫೈಲನ್ನು ಹಲ್ಲಿನೊಳಗಿಟ್ಟೇ ಎಕ್ಸ್‌ರೇ ತೆಗೆಯುತ್ತಾರೆ. ಒಳಗೆ ಹೋದ ಫೈಲ್ 21 ಮಿ.ಮೀ. ಇದ್ದು, ಚಿತ್ರದಲ್ಲಿ 24 ಎಂದು ಕಂಡರೆ, 26 ಎಂದು ಕಾಣುವ ಹಲ್ಲಿನ ನಿಜವಾದ ಉದ್ದ 26 × 21 ÷ 24, ಅಂದರೆ 22.75 ಮಿ.ಮೀ. ಇದರ ಜೊತೆಗೆ ಬೇರಿನ ತುದಿ ಗುರುತಿಸುವ ಏಪೆಕ್ಸ್ ಲೊಕೇಟರ್ ಎಂಬ ಉಪಕರಣವನ್ನೂ ಅನೇಕ ವೈದ್ಯರು ಬಳಸುತ್ತಾರೆ.

ಹಾಗಾದರೆ ಬೇರು ನಿಜಕ್ಕೂ ಕರಗಿದೆಯೋ, ಕೋನ ತಪ್ಪಿದೆಯೋ ತಿಳಿಯುವುದು ಹೇಗೆ? ಪಕ್ಕದ ಹಲ್ಲುಗಳನ್ನು ನೋಡಬೇಕು. ಎಲ್ಲವೂ ಒಂದೇ ರೀತಿ ಮೊಟಕಾಗಿದ್ದರೆ ಮೊದಲು ಕೋನದ ಮೇಲೆ ಅನುಮಾನ ಪಡಿ. ಒಂದರ ಬೇರು ಮಾತ್ರ ಗಿಡ್ಡವಿದ್ದರೆ ಪರೀಕ್ಷೆ ಬೇಕು. ಕನ್ನಡಿಯಲ್ಲಿ ಕಾಣುವ ಹಲ್ಲಿನ ಭಾಗಕ್ಕೂ ಚಿತ್ರದ ಅದೇ ಭಾಗಕ್ಕೂ ಅಳತೆ ಹೊಂದದಿದ್ದರೂ ಕೋನದ ತಪ್ಪು ಇರಬಹುದು. ಆದರೆ ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡವರಲ್ಲಿ ಕೆಲವೊಮ್ಮೆ ಹಲವು ಬೇರುಗಳು ನಿಜಕ್ಕೂ ಗಿಡ್ಡವಾಗುತ್ತವೆ. ಅಂಥವರಿಗೆ ಹೋಲ್ಡರ್ ಬಳಸಿ ಇನ್ನೊಂದು ಚಿತ್ರ ತೆಗೆಯುವುದೇ ದಾರಿ. ಫಾರ್ವರ್ಡಿನ ಎರಡನೇ ಚಿತ್ರದಲ್ಲಿ ಅಕ್ಕಪಕ್ಕದ ಹಲ್ಲುಗಳೂ ಅಷ್ಟೇ ಮೊಟಕಾಗಿವೆ.

ಇನ್ನು ಆ ಬಿಳಿ ಅರ್ಧಚಂದ್ರ. ಬೇರಿನ ತುದಿಯಲ್ಲಿ ಕೀವಾಗಿ ಮೂಳೆ ಕರಗಿದರೆ ಅಲ್ಲಿ ಕಿರಣ ಸುಲಭವಾಗಿ ಹಾಯುತ್ತದೆ, ಎಕ್ಸ್‌ರೇಯಲ್ಲಿ ಕಪ್ಪಗೆ ಕಾಣುತ್ತದೆ, ಬಿಳಿಯಾಗಿ ಅಲ್ಲ. ಈ ಬಿಳಿ ಭಾಗಕ್ಕೆ ಕಿರಣ ತಲುಪಿಯೇ ಇಲ್ಲ. ಯಂತ್ರದ ಕೊಳವೆ ಪಕ್ಕಕ್ಕೆ ಸರಿದಿತ್ತು, ಅದಕ್ಕೇ ಫಿಲ್ಮಿನ ಒಂದಷ್ಟು ಭಾಗ ಖಾಲಿ ಉಳಿದಿದೆ. ಇದೇ ಕೋನ್ ಕಟ್. ಕೊಳವೆ ದುಂಡಗಿದ್ದರೆ ಅಂಚು ಕಮಾನಿನಂತೆ ಬಾಗಿರುತ್ತದೆ, ಚೌಕದ್ದಾದರೆ ಗೆರೆ ಎಳೆದಂತೆ ನೇರ. ಹೋಲ್ಡರಿನ ಹೊರಗೆ ಚಾಚುವ ಉಂಗುರಕ್ಕೆ ಕೊಳವೆಯ ಬಾಯಿಯನ್ನು ಸರಿಯಾಗಿ ಹೊಂದಿಸಿದರೆ ಈ ತಪ್ಪು ಆಗುವುದು ಅಪರೂಪ. ಬೇರಿನ ತುದಿ ಬಿಳಿ ಭಾಗದ ಹೊರಗಿದ್ದು ಸ್ಪಷ್ಟವಾಗಿ ಕಾಣುತ್ತಿದ್ದರೆ ಮತ್ತೆ ಎಕ್ಸ್‌ರೇ ಬೇಕಿಲ್ಲ. ತುದಿಯೇ ಮರೆಯಾಗಿದ್ದರೆ ಇನ್ನೊಮ್ಮೆ ತೆಗೆಯಲೇಬೇಕು.