ಈರುಳ್ಳಿ ಬೇರು: ಎಲ್ಲಿ ಎಣಿಸಿದ್ರಿ?

ಹೋದ ವಾರ ಹೈದರಾಬಾದಿನ ನಮ್ಮ ಮನೆಗೆ ಅಕ್ಕನ ಮಗಳು ಲ್ಯಾಬ್ ಸ್ಲೈಡಿನ ಫೋಟೋ ಹಿಡ್ಕೊಂಡು ಬಂದಳು. 200 ಕೋಶಗಳಲ್ಲಿ ವಿಭಜನೆ ಆಗ್ತಿದ್ದದ್ದು 8. ಅಂದ್ರೆ ಮೈಟಾಟಿಕ್ ಸೂಚ್ಯಂಕ 8 ÷ 200 × 100, ಶೇ 4.

ಭಾಗಾಕಾರ ಸರಿ, ಎಣಿಸಿದ ಜಾಗ ತಪ್ಪು. ಫೋಟೋದಲ್ಲಿದ್ದ ಕೋಶಗಳು ಉದ್ದುದ್ದ. ಅದು ತುದಿಯಿಂದ ಮೇಲೆ, ಕೋಶಗಳು ನೀಳವಾಗುವ ಭಾಗ. ವಿಭಜನೆ ಜೋರಾಗಿರೋದು ಬೇರಿನ ಟೋಪಿಯ ಹಿಂದೆಯೇ, ಒತ್ತೊತ್ತಾದ ಚೌಕ ಕೋಶಗಳಲ್ಲಿ. ಆ ಭಾಗದ ಫೋಟೋದಲ್ಲಿ ಮತ್ತೆ 200 ಎಣಿಸಿದೆವು: ಪ್ರೊಫೇಸ್ 14, ಮೆಟಾಫೇಸ್ 5, ಅನಾಫೇಸ್ 3, ಟೀಲೋಫೇಸ್ 4. ಒಟ್ಟು 26, ಶೇ 13. ಉಳಿದ 174 ಇಂಟರ್‌ಫೇಸ್. ಅವು ಛೇದದಲ್ಲಿ ಮಾತ್ರ ಸೇರುತ್ತವೆ.

ಜಗಳ ಆಗಿದ್ದು ಪ್ರೊಫೇಸ್ ಬಗ್ಗೆ. ಕೋಶಕೇಂದ್ರದೊಳಗೆ ಎಳೆಗಳು ಬಿಡಿಬಿಡಿಯಾಗಿ ಕಂಡರಷ್ಟೇ ಪ್ರೊಫೇಸ್, ಬರೀ ಗಾಢ ಬಣ್ಣ ಸಾಲದು ಅಂತ ಒಪ್ಪಿಕೊಂಡೆವು.