ವಾರದ ವರದಿ: ಮೊದಲ ಮೂರು ಸಾಲಿನ ಮಾತು

ಕೆಲವು ವರ್ಷಗಳ ಹಿಂದಿನ ಮಾತು. ಜೂನ್ ತಿಂಗಳ ಕೊನೆಯ ಶನಿವಾರ ನಾವು ಎಂದಿನಂತೆ ಸಂಘದ ವಾರದ ವರದಿಯನ್ನು ಅಧ್ಯಕ್ಷರಿಗೂ ನಿರ್ದೇಶಕರಿಗೂ ಕಳುಹಿಸಿದೆವು. ಎರಡು ಪುಟದ ವರದಿ. ಮೊದಲು ಮಳೆಯ ಲೆಕ್ಕ, ಅನಂತರ ಗೊಬ್ಬರದ ವಿತರಣೆ, ಸಾಲ ವಸೂಲಿ, ಗೋದಾಮಿನ ಹೆಂಚಿನ ರಿಪೇರಿ. ಎರಡನೆಯ ಪುಟದ ಕೊನೆಗೆ ಒಂದು ವಾಕ್ಯ: "ಮೈಲುತುತ್ತದ ದಾಸ್ತಾನು ಕಡಿಮೆಯಾಗುತ್ತಿದ್ದು, ಈ ಬಗ್ಗೆ ಸೂಕ್ತ ಕ್ರಮ ಅಗತ್ಯವೆನಿಸುತ್ತದೆ."

ದೊಡ್ಡ ಮೊತ್ತದ ಖರೀದಿಗೆ ಅಧ್ಯಕ್ಷರ ಒಪ್ಪಿಗೆ ಬೇಕು. ಅವರ ಉತ್ತರಕ್ಕಾಗಿ ನಾವು ಕಾದೆವು. ಅವರಿಗೆ ನಾವು ಏನನ್ನೋ ಕೇಳಿದ್ದೇವೆಂಬುದೇ ಗೊತ್ತಿರಲಿಲ್ಲ. ಜುಲೈ ಎರಡನೆಯ ವಾರ ಸದಸ್ಯರು ಎರಡನೆಯ ಸಲದ ಔಷಧಿಗೆಂದು ಬಂದಾಗ ಗೋದಾಮು ಬರಿದಾಗಿತ್ತು. ಮಾಲು ಬಂದದ್ದು ಹತ್ತು ದಿನ ತಡವಾಗಿ. ಅಷ್ಟರಲ್ಲಿ ತಗ್ಗಿನ ತೋಟಗಳಲ್ಲಿ ಕೊಳೆ ಕಾಣಿಸಿಕೊಂಡು ಎಳೆಯಡಿಕೆ ಉದುರತೊಡಗಿತ್ತು. "ನೀವು ಹೇಳಲೇ ಇಲ್ಲವಲ್ಲ" ಎಂದರು ಅಧ್ಯಕ್ಷರು. ನಾವು ಎರಡನೆಯ ಪುಟ ತೋರಿಸಿದೆವು. "ಇಷ್ಟು ಒಳಗೆ ಬಚ್ಚಿಟ್ಟರೆ ಯಾರಿಗೆ ಕಾಣಬೇಕು ಮಾರಾಯ್ರೆ?" ಎಂದರು. ಅವರ ಮಾತು ಸರಿಯಾಗಿತ್ತು.

ಮೇಲಿನವರು ಓದುವುದಿಲ್ಲವೆಂದು ದೂರುವುದು ಸುಲಭ. ಆದರೆ ಅಧ್ಯಕ್ಷರಿಗೂ ತೋಟವಿದೆ, ಮನೆಯಿದೆ, ಬ್ಯಾಂಕಿನ ಸಭೆಯಿದೆ. ಈಗಂತೂ ವರದಿ ಹೋಗುವುದು ಫೋನಿಗೆ. ತೆರೆಯುವ ಮೊದಲು ಕಾಣುವುದು ಒಂದೆರಡು ಸಾಲು ಮಾತ್ರ. ಅವರು ಮೊದಲ ಮೂರು ಸಾಲನ್ನಷ್ಟೇ ಓದುತ್ತಾರೆಂದು ಒಪ್ಪಿಕೊಂಡೇ ನಾವು ಬರೆಯಬೇಕು. ಇದು ಹೊಸ ಮಾತೇನಲ್ಲ. 1940ರ ಆಗಸ್ಟ್ 9ರಂದು, ಯುದ್ಧದ ನಡುವೆ, ಬ್ರಿಟನ್ನಿನ ಪ್ರಧಾನಿ ಚರ್ಚಿಲ್ ತಮ್ಮ ಅಧಿಕಾರಿಗಳಿಗೆ ಒಂದು ಸೂಚನೆ ಕಳುಹಿಸಿದ್ದರು. ಮುಖ್ಯ ವಿಷಯ ಚಿಕ್ಕ ಚಿಕ್ಕ ಪ್ಯಾರಾಗಳಲ್ಲಿರಲಿ, ವಿವರ ಮತ್ತು ಅಂಕಿಅಂಶಗಳು ಅನುಬಂಧಕ್ಕೆ ಹೋಗಲಿ ಎಂಬುದು ಅದರ ಸಾರ.

ನಮ್ಮ ತಪ್ಪು ಎಲ್ಲಿತ್ತು? ಕೆಲಸ ನಡೆದ ಕ್ರಮದಲ್ಲಿ ನಾವು ವರದಿ ಬರೆದಿದ್ದೆವು. ಓದುವವರಿಗೆ ಬೇಕಾದದ್ದು ಬೇರೆ ಕ್ರಮ. ಎಲ್ಲ ಸರಿಯಿದೆಯೇ, ನನ್ನಿಂದ ಏನಾಗಬೇಕು, ನಾನು ಸುಮ್ಮನಿದ್ದರೆ ಏನಾಗುತ್ತದೆ ಎಂಬ ಮೂರೇ ಪ್ರಶ್ನೆ ಅವರವು. ಆ ಮೂರಕ್ಕೆ ಮೂರು ಸಾಲು. ಅದೇ ಜೂನ್ ವರದಿಯನ್ನು ಹೊಸ ನಮೂನೆಯಲ್ಲಿ ಬರೆದರೆ ಹೀಗಾಗುತ್ತದೆ (ಅಂಕಿಗಳು ಉದಾಹರಣೆಗಾಗಿ):

ವಾರದ ವರದಿ – ಜೂನ್ 28, ಶನಿವಾರ

1. ಸ್ಥಿತಿ: ತೊಂದರೆ ಇದೆ. ಎರಡನೆಯ ಸಲದ ಔಷಧಿಗೆ 1,100 ಕಿಲೋ ಮೈಲುತುತ್ತ ಸಾಲದು. ಹೊಡೆಯುವ ಕೆಲಸ ಜುಲೈ 8ಕ್ಕೆ ಶುರು.

2. ತಮ್ಮಿಂದ ಬೇಕಾದದ್ದು: 50 ಕಿಲೋದ 22 ಚೀಲ ಖರೀದಿಗೆ ಅಧ್ಯಕ್ಷರ ಒಪ್ಪಿಗೆ, ಜುಲೈ 1, ಮಂಗಳವಾರ ಸಂಜೆಯೊಳಗೆ.

3. ಆಗದಿದ್ದರೆ: ಮಾಲು ಬರಲು ಆರು ದಿನ ಬೇಕು. ತಡವಾದರೆ ಸುಮಾರು 180 ಎಕರೆಗೆ ಸಮಯಕ್ಕೆ ಔಷಧಿ ಸಿಗದು.

ಇದರ ಕೆಳಗೆ ಒಂದು ಗೆರೆ. ಗೆರೆಯ ಕೆಳಗೆ ಅಂಕಿಗಳು: ಬೇಕಾದದ್ದು 1,800 ಕಿಲೋ (300 ಎಕರೆಗೆ ಎಕರೆಗೆ 6 ಕಿಲೋದಂತೆ), ಕಳೆದ ವಾರದ ದಾಸ್ತಾನು 850, ಈ ವಾರ 700, ದಾರಿಯಲ್ಲಿರುವ ಮಾಲು ಇಲ್ಲ, ಸುಣ್ಣ ಸಾಕಷ್ಟಿದೆ. ಮಳೆ, ಗೊಬ್ಬರ, ವಸೂಲಿ, ಹೆಂಚು ಎಲ್ಲವೂ ಅದಕ್ಕೂ ಕೆಳಗೆ. ಬೇಕಾದವರು ಓದುತ್ತಾರೆ.

ಎರಡನೆಯ ಸಾಲನ್ನು ಗಮನಿಸಿರಿ. ಅದರಲ್ಲಿ ಯಾರು, ಏನು, ಯಾವ ದಿನದೊಳಗೆ ಎಂಬ ಮೂರೂ ಇವೆ. "ಸೂಕ್ತ ಕ್ರಮ ಅಗತ್ಯ" ಎಂಬಲ್ಲಿ ಈ ಮೂರರಲ್ಲಿ ಒಂದೂ ಇರಲಿಲ್ಲ. ದಿನಾಂಕವನ್ನು ಹಿಂದಿನಿಂದ ಲೆಕ್ಕ ಹಾಕಬೇಕು. ಮೊದಲ ಔಷಧಿ ಮೇ ಕೊನೆಗೆ ಆದರೆ ಎರಡನೆಯದು 40–45 ದಿನಕ್ಕೆ, ಅಂದರೆ ಜುಲೈ ಎರಡನೆಯ ವಾರಕ್ಕೆ ಬೀಳುತ್ತದೆ. ಅದರಿಂದ ಸಾಗಾಣಿಕೆಯ ಆರು ದಿನ ಕಳೆದರೆ ಒಪ್ಪಿಗೆಯ ಕೊನೆಯ ದಿನ ಸಿಗುತ್ತದೆ. ಹೊಡೆಯುವ ದಿನವನ್ನಷ್ಟೇ ಬರೆದರೆ, ಇನ್ನೂ ಹತ್ತು ದಿನವಿದೆಯೆಂದು ಓದಿದವರು ನಿಶ್ಚಿಂತರಾಗುತ್ತಾರೆ.

ಮೊದಲ ಸಾಲಿನ ಸ್ಥಿತಿಗೆ ನಾವು ಮೂರೇ ಮಾತು ಇಟ್ಟುಕೊಂಡಿದ್ದೇವೆ: ಸರಿಯಿದೆ, ಗಮನ ಬೇಕು, ತೊಂದರೆ ಇದೆ. ಯಾವಾಗ ಯಾವುದೆಂಬುದು ಬರೆಯುವವರ ಧೈರ್ಯಕ್ಕೆ ಬಿಟ್ಟದ್ದಲ್ಲ, ಮೊದಲೇ ಗೊತ್ತುಮಾಡಿದ್ದು. ಬೇಕಾದಷ್ಟು ಮಾಲು ಕೈಯಲ್ಲಿದ್ದರೆ ಸರಿಯಿದೆ. ಕಡಿಮೆಯಿದ್ದರೂ ಬರುವ ದಿನ ನಿಶ್ಚಯವಾಗಿದ್ದರೆ ಗಮನ ಬೇಕು. ಬರುವ ದಿನವೇ ನಿಶ್ಚಯವಿಲ್ಲದಿದ್ದರೆ ತೊಂದರೆ. ಈ ಕಟ್ಟು ಇಲ್ಲದಿದ್ದರೆ ಸಂಕೋಚದಿಂದ ವಾರ ವಾರವೂ "ಸರಿಯಿದೆ" ಎಂದೇ ಬರೆಯುತ್ತೇವೆ. ಒಂದು ಶನಿವಾರ ಏಕಾಏಕಿ ತೊಂದರೆ ಎನ್ನಬೇಕಾಗುತ್ತದೆ. ಎಷ್ಟೋ ವಾರಗಳಿಂದ "ಸರಿಯಿದೆ" ಎಂಬುದು ಬದಲಾಗದೆ, ಗೆರೆಯ ಕೆಳಗಿನ ದಾಸ್ತಾನು ಮಾತ್ರ ಇಳಿಯುತ್ತಿದ್ದರೆ ಯಾರೋ ಸತ್ಯ ಮುಚ್ಚುತ್ತಿದ್ದಾರೆಂದೇ ಅರ್ಥ.

ಇನ್ನೊಂದು ತಪ್ಪು ಇದಕ್ಕೆ ವಿರುದ್ಧವಾದದ್ದು. ಪ್ರತಿ ವಾರವೂ ಏನಾದರೊಂದನ್ನು ಕೇಳುತ್ತಿದ್ದರೆ ಎರಡನೆಯ ಸಾಲಿಗೂ ಬೆಲೆ ಹೋಗುತ್ತದೆ. ಬೇಕಿಲ್ಲದ ವಾರ "ತಮ್ಮಿಂದ ಏನೂ ಬೇಕಿಲ್ಲ" ಎಂದೇ ಬರೆಯಿರಿ. ಹಾಗೆ ಬರೆದ ನಾಲ್ಕು ವರದಿಗಳ ಅನಂತರ ಬಂದ ಬೇಡಿಕೆ ತಟ್ಟನೆ ಕಣ್ಣಿಗೆ ಬೀಳುತ್ತದೆ. ಒಂದೇ ವಾರ ಎರಡು ಬೇಡಿಕೆಯಿದ್ದರೆ, ಕೊನೆಯ ದಿನ ಯಾವುದಕ್ಕೆ ಹತ್ತಿರವೋ ಅದು ಮೇಲಿರಲಿ.

ಬರೆಯುವಾಗ ಮಾತ್ರ ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಮೊದಲು ದಾಸ್ತಾನು ಪುಸ್ತಕ ನೋಡಿ ಅಂಕಿಗಳನ್ನು ತುಂಬಿರಿ. ಕೊನೆಯಲ್ಲಿ ಆ ಮೂರು ಸಾಲು ಬರೆಯಿರಿ. ಆಮೇಲೆ ಗೆರೆಯ ಕೆಳಗಿನದನ್ನು ಕೈಯಿಂದ ಮುಚ್ಚಿ, ವಿಷಯ ಗೊತ್ತಿಲ್ಲದ ಒಬ್ಬರಿಗೆ ಓದಲು ಕೊಡಿ. ಯಾರು ಏನು ಮಾಡಬೇಕೆಂದು ಅವರು ಹೇಳಿದರೆ ವರದಿ ಸರಿಯಾಗಿದೆ.

ಮನೆಯಲ್ಲಿ ತೋಟ ನೋಡಿಕೊಳ್ಳುತ್ತಾ ಪೇಟೆಯಲ್ಲಿರುವ ಅಣ್ಣನಿಗೋ ಪಾಲುದಾರರಿಗೋ ವಾರದ ಸುದ್ದಿ ಬರೆಯುವ ಸದಸ್ಯರು ನಮ್ಮಲ್ಲಿ ಬಹಳ. ಅವರಿಗೂ ಇದೇ ನಮೂನೆ ಸಾಕು: "ಗಮನ ಬೇಕು, ಕೊಯ್ಲು ಅರ್ಧ ಮುಗಿದಿದೆ, ಕಣದಲ್ಲಿ ಜಾಗವಿಲ್ಲ. ಪಕ್ಕದ ಕಣ ಬಾಡಿಗೆಗೆ ಹಿಡಿಯಲೇ, ಬುಧವಾರದೊಳಗೆ ತಿಳಿಸು. ಇಲ್ಲದಿದ್ದರೆ ಹಣ್ಣು ರಾಶಿಯಲ್ಲೇ ಕಾವೇರಿ ಬೂಷ್ಟು ಹಿಡಿಯುತ್ತದೆ."

ಈ ನಮೂನೆಗೂ ಒಂದು ಮಿತಿಯಿದೆ. ಇದು ವಾರಕ್ಕೊಮ್ಮೆಯ ವ್ಯವಸ್ಥೆ. ಸೋಮವಾರ ಗೋದಾಮಿಗೆ ನೀರು ನುಗ್ಗಿದರೆ ಶನಿವಾರದವರೆಗೆ ಕಾಯುವಂತಿಲ್ಲ. ಅಂದೇ ಫೋನು ಮಾಡಬೇಕು. ಮಂಗಳವಾರ ಸಂಜೆಯೊಳಗೆ ಒಪ್ಪಿಗೆ ಬಾರದಿದ್ದರೂ ಅಷ್ಟೇ. ವರದಿ ಕಳುಹಿಸಿದ್ದೇವೆಂದು ಕೈ ತೊಳೆದುಕೊಂಡು ಕೂರುವಂತಿಲ್ಲ. ಆ ವರ್ಷ ನಾವು ಮಾಡಿದ ಎರಡನೆಯ ತಪ್ಪು ಅದೇ.